ಹೆಸರಿನ ಕೊನೆಯ ಅಕ್ಷರ: ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಹೆಸರನ್ನು ಬಿಡಿಸಿ ಓದುವ ಕ್ರಮ

ಲ್ಯಾಪ್‌ಟಾಪ್ ಕೊಳ್ಳಲು ಹೋದವರ ಮುಂದೆ ಅಂಗಡಿಯವರು ಮೊದಲು ಇಡುವ ಮಾತು "ಇದು ಐ-ತ್ರೀ, ಇದು ಐ-ಫೈವ್, ಇದು ಐ-ಸೆವೆನ್" ಎಂಬುದು. ಮೂರಕ್ಕಿಂತ ಐದು ಮೇಲು, ಐದಕ್ಕಿಂತ ಏಳು ಮೇಲು ಎಂಬ ಅರ್ಥವನ್ನು ಕೇಳುವವರು ತಾವಾಗಿಯೇ ಮಾಡಿಕೊಳ್ಳುತ್ತಾರೆ. ಈ ಅರ್ಥ ಪೂರ್ತಿ ಸುಳ್ಳಲ್ಲ. ಆದರೆ ಅದು ನಿಜವಾಗಬೇಕಾದರೆ ಎರಡು ಷರತ್ತುಗಳು ಕೂಡಿಬರಬೇಕು: ಹೋಲಿಸುವ ಪ್ರೊಸೆಸರ್‌ಗಳೆರಡೂ ಒಂದೇ ತಲೆಮಾರಿನವಾಗಿರಬೇಕು, ಮತ್ತು ಅವುಗಳ ಹೆಸರಿನ ಕೊನೆಯಲ್ಲಿರುವ ಅಕ್ಷರ ಒಂದೇ ಆಗಿರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಮೂರು, ಐದು, ಏಳು ಎಂಬ ಶ್ರೇಣಿ ದಾರಿ ತಪ್ಪಿಸುತ್ತದೆ. ಸಾಮಾನ್ಯವಾಗಿ ಹಣ ಕಳೆದುಹೋಗುವುದು ಇಲ್ಲಿಯೇ.

ವ್ಯಾಕರಣ ಓದಿದ ವಿದ್ಯಾರ್ಥಿಗಳಿಗೆ ಈ ಸಂಗತಿ ಹೊಸದಾಗಿ ತೋರಬೇಕಾಗಿಲ್ಲ. 'ಮನೆಗೆ' ಮತ್ತು 'ಮನೆಯಿಂದ' ಎಂಬ ಪದಗಳಲ್ಲಿ ಪ್ರಕೃತಿ ಒಂದೇ. ಪ್ರತ್ಯಯ ಬೇರೆಯಾದುದರಿಂದ ನಡೆಯುವವನ ದಿಕ್ಕೇ ತಿರುಗುತ್ತದೆ. ಪ್ರೊಸೆಸರ್‌ನ ಹೆಸರೂ ಹೀಗೆಯೇ ಬಿಡಿಸಿ ಓದಬೇಕಾದ ಒಂದು ಸಮಸ್ತಪದ. ಉದಾಹರಣೆಗೆ i5-1235U ಎಂಬ ಹೆಸರನ್ನು ತೆಗೆದುಕೊಳ್ಳಬಹುದು. ಇಲ್ಲಿ i5 ಎಂಬುದು ಶ್ರೇಣಿ. 12 ಎಂಬುದು ತಲೆಮಾರು. 35 ಎಂಬುದು ಆ ತಲೆಮಾರಿನೊಳಗಿನ ಸ್ಥಾನ. U ಎಂಬುದು ಪ್ರತ್ಯಯ. ಜಾಹೀರಾತು ಎತ್ತಿ ತೋರಿಸುವುದು ಮೊದಲ ಭಾಗವನ್ನು. ಓದುವವರು ಮೊದಲು ನೋಡಬೇಕಾದದ್ದು ಕೊನೆಯ ಭಾಗವನ್ನು.

ತಲೆಮಾರನ್ನು ಗುರುತಿಸುವುದು

ಇಂಟೆಲ್ ಕಂಪನಿಯ i3, i5, i7 ಹೆಸರುಗಳಲ್ಲಿ ಅಡ್ಡಗೆರೆಯ ಮುಂದಿನ ಅಂಕಿಗಳು ತಲೆಮಾರನ್ನು ಹೇಳುತ್ತವೆ. ಅವು ಐದು ಅಂಕಿಗಳಾಗಿದ್ದರೆ ಮೊದಲಿನ ಎರಡು ಅಂಕಿಗಳೇ ತಲೆಮಾರು: i5-10210U ಹತ್ತನೆಯದು, i5-12450H ಹನ್ನೆರಡನೆಯದು. ನಾಲ್ಕೇ ಅಂಕಿಗಳಿದ್ದು ಅವು 1ರಿಂದ ಆರಂಭವಾಗಿದ್ದರೆ ಆಗಲೂ ಮೊದಲಿನ ಎರಡನ್ನೇ ಓದಬೇಕು: i5-1135G7 ಹನ್ನೊಂದನೆಯದು, i3-1215U ಹನ್ನೆರಡನೆಯದು. ನಾಲ್ಕಂಕಿಯ ಸಂಖ್ಯೆ 2ರಿಂದ 9ರವರೆಗಿನ ಯಾವುದೇ ಅಂಕಿಯಿಂದ ಆರಂಭವಾಗಿದ್ದರೆ ಆ ಒಂದು ಅಂಕಿಯೇ ತಲೆಮಾರು: i5-8250U ಎಂಟನೆಯದು, i7-6600U ಆರನೆಯದು. ಹೀಗಾಗಿ ಸಂಖ್ಯೆಯ ಗಾತ್ರ ನೋಡಿ ತೀರ್ಮಾನಿಸುವಂತಿಲ್ಲ. 6600 ಎಂಬುದು 1215ಕ್ಕಿಂತ ದೊಡ್ಡ ಸಂಖ್ಯೆ. ಆದರೆ ವಯಸ್ಸಿನಲ್ಲಿ ಆರು ತಲೆಮಾರು ಹಿಂದಿನದು.

ಈ ಲೆಕ್ಕ ಹೆಚ್ಚು ಬೇಕಾಗುವುದು ಕಚೇರಿಗಳಿಂದ ಹೊರಬಂದು ಮರುಮಾರಾಟಕ್ಕೆ ಸಿದ್ಧವಾದ ಹಳೆಯ ಲ್ಯಾಪ್‌ಟಾಪ್‌ಗಳನ್ನು ಕೊಳ್ಳುವಾಗ. ಅಂತಹ ಯಂತ್ರಗಳ ಮೇಲೆ i7 ಎಂಬ ಚೀಟಿ ಇರುವುದು ಅಪರೂಪವಲ್ಲ. ಅದರೊಳಗೆ i7-6600U ಇದೆ ಎಂದು ಭಾವಿಸೋಣ. ಅದು 2015ರಲ್ಲಿ ಬಂದ ಪ್ರೊಸೆಸರ್. ಅದರಲ್ಲಿರುವುದು ಎರಡು ಕೋರ್‌ಗಳು, ಎಂದರೆ ಲೆಕ್ಕ ಮಾಡುವ ಎರಡು ಘಟಕಗಳು. ಅದರ ಗರಿಷ್ಠ ವೇಗ 3.4 ಗಿಗಾಹರ್ಟ್ಸ್. 2022ರಲ್ಲಿ ಬಂದ i3-1215U ಹೆಸರಿನಲ್ಲಿ 'ಮೂರು' ಇದ್ದರೂ ಅದರಲ್ಲಿ ಆರು ಕೋರ್‌ಗಳಿವೆ: ವೇಗವಾಗಿ ದುಡಿಯುವ ದೊಡ್ಡವು ಎರಡು, ಮಿತವಾಗಿ ವಿದ್ಯುತ್ ಬಳಸುವ ಸಣ್ಣವು ನಾಲ್ಕು. ಅದರ ಗರಿಷ್ಠ ವೇಗ 4.4 ಗಿಗಾಹರ್ಟ್ಸ್. ಎರಡೂ U ಪ್ರತ್ಯಯದವು, ಎರಡರ ಮೂಲ ವಿದ್ಯುತ್ ಮಿತಿಯೂ 15 ವ್ಯಾಟ್. ಹೀಗೆ ಪ್ರತ್ಯಯ ಸಮನಾಗಿದ್ದು ತಲೆಮಾರು ಬೇರೆಯಾದಾಗ ಮೂರು ಏಳನ್ನು ಸುಲಭವಾಗಿ ಮೀರಿಸುತ್ತದೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪಿಕೊಳ್ಳುವುದು, ತೀರ ಕೆಲವು ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನ ಎಂಟನೆಯ ತಲೆಮಾರು ಮತ್ತು ಅದರ ಅನಂತರದ ಪ್ರೊಸೆಸರ್‌ಗಳನ್ನು ಮಾತ್ರ. ಆದುದರಿಂದ ಆರನೆಯ ತಲೆಮಾರಿನ i7 ಎಷ್ಟೇ ಅಗ್ಗವಾಗಿ ಸಿಕ್ಕರೂ ಅದರ ಮೇಲೆ ವಿಂಡೋಸ್ 11 ಅಧಿಕೃತ ಹಾದಿಯಲ್ಲಿ ಕೂರುವುದಿಲ್ಲ. ಮಾರುವವರು ಬೇರೆ ಉಪಾಯದಿಂದ ಅದನ್ನು ಕೂರಿಸಿ ಕೊಟ್ಟಿದ್ದರೆ ಮುಂದಿನ ನವೀಕರಣಗಳು ಸರಿಯಾಗಿ ಬರುತ್ತವೆ ಎಂಬ ಭರವಸೆ ಇರುವುದಿಲ್ಲ.

ತಲೆಮಾರು ಹೆಚ್ಚಿದಷ್ಟೂ ಲಾಭ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂದೂ ತಿಳಿಯಬಾರದು. ಏಳನೆಯ ತಲೆಮಾರಿನ i5-7200Uನಲ್ಲಿ ಎರಡು ಕೋರ್‌ಗಳಿದ್ದವು; ಎಂಟನೆಯ ತಲೆಮಾರಿನ i5-8250Uನಲ್ಲಿ ಅವು ನಾಲ್ಕಾದವು. ಅದು ದೊಡ್ಡ ಜಿಗಿತ. ಹನ್ನೆರಡನೆಯ i5-1235Uನಿಂದ ಹದಿಮೂರನೆಯ i5-1335Uಗೆ ಬಂದಾಗ ಕೋರ್‌ಗಳ ಸಂಖ್ಯೆ ಬದಲಾಗಲಿಲ್ಲ. ಎರಡರಲ್ಲಿಯೂ ದೊಡ್ಡವು ಎರಡು, ಸಣ್ಣವು ಎಂಟು. ಗರಿಷ್ಠ ವೇಗ ಮಾತ್ರ 4.4ರಿಂದ 4.6 ಗಿಗಾಹರ್ಟ್ಸ್‌ಗೆ ಏರಿತು. ಇಂತಹ ಎರಡು ಯಂತ್ರಗಳ ಬೆಲೆಯಲ್ಲಿ ಗಣನೀಯ ಅಂತರವಿದ್ದರೆ ಹಳೆಯದನ್ನು ಕೊಂಡು, ಉಳಿದ ಹಣವನ್ನು ಮೆಮೊರಿಗೆ ವಿನಿಯೋಗಿಸುವುದು ಲಾಭಕರ.

ಪ್ರತ್ಯಯ ಹೇಳುವ ಅರ್ಥ

ಪ್ರೊಸೆಸರ್ ದುಡಿಯುವಾಗ ವಿದ್ಯುತ್ತನ್ನು ಬಳಸುತ್ತದೆ. ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ತೆಳುವಾದ ಲ್ಯಾಪ್‌ಟಾಪ್‌ನ ಒಡಲಿನಿಂದ ಆ ಶಾಖವನ್ನು ಹೊರಹಾಕುವುದು ಕಷ್ಟ. ಆದುದರಿಂದ ಪ್ರತಿಯೊಂದು ಪ್ರೊಸೆಸರ್‌ಗೂ ದೀರ್ಘಕಾಲ ದುಡಿಯುವಾಗ ಎಷ್ಟು ವಿದ್ಯುತ್ ಬಳಸಬಹುದು ಎಂಬ ಮೂಲ ಮಿತಿಯೊಂದನ್ನು ತಯಾರಕರು ನಿಗದಿಪಡಿಸುತ್ತಾರೆ. ಕೊನೆಯ ಅಕ್ಷರ ಮುಖ್ಯವಾಗಿ ಈ ಮಿತಿಯನ್ನೇ ಸೂಚಿಸುತ್ತದೆ. ಇಂಟೆಲ್‌ನ ಹನ್ನೆರಡು ಮತ್ತು ಹದಿಮೂರನೆಯ ತಲೆಮಾರುಗಳಲ್ಲಿ ವಾಡಿಕೆಯ U ಪ್ರೊಸೆಸರ್‌ಗಳ ಮಿತಿ 15 ವ್ಯಾಟ್, P ಎಂಬವುಗಳದ್ದು 28 ವ್ಯಾಟ್, H ಎಂಬವುಗಳದ್ದು 45 ವ್ಯಾಟ್, HX ಎಂಬವುಗಳದ್ದು 55 ವ್ಯಾಟ್. ಹನ್ನೊಂದನೆಯ ತಲೆಮಾರಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕಾಣುವ G4, G7 ಎಂಬವು ಮಾತ್ರ ಈ ಸಾಲಿಗೆ ಸೇರಿದವಲ್ಲ. ಅವು ಒಳಗಿರುವ ಚಿತ್ರಸಂಸ್ಕರಣ ಭಾಗದ ಮಟ್ಟವನ್ನು ಸೂಚಿಸುತ್ತವೆ.

ಇದರ ಪರಿಣಾಮವನ್ನು ತಿಳಿಯಲು ಒಂದೇ ತಲೆಮಾರಿನ ಎರಡು ಪ್ರೊಸೆಸರ್‌ಗಳನ್ನು ಅಕ್ಕಪಕ್ಕದಲ್ಲಿ ಇಡಬಹುದು: i7-1255U ಮತ್ತು i5-12450H. ಎರಡೂ ಹನ್ನೆರಡನೆಯ ತಲೆಮಾರಿನವು. ಮೊದಲನೆಯದರಲ್ಲಿ ಹತ್ತು ಕೋರ್‌ಗಳಿವೆ, ಎರಡನೆಯದರಲ್ಲಿ ಎಂಟು. ಮೊದಲನೆಯದರ ಗರಿಷ್ಠ ವೇಗ 4.7 ಗಿಗಾಹರ್ಟ್ಸ್, ಎರಡನೆಯದರದ್ದು 4.4. ಶ್ರೇಣಿ, ಕೋರ್‌ಗಳ ಸಂಖ್ಯೆ, ವೇಗ ಈ ಮೂರರಲ್ಲಿಯೂ i7 ಮುಂದಿದೆ. ಅಂಗಡಿಯ ಫಲಕದಲ್ಲಿ ಕಾಣುವುದೂ ಈ ಮೂರೇ.

ಫಲಕದಲ್ಲಿ ಕಾಣದ ಭಾಗ ಬೇರೆಯಿದೆ. i7-1255Uನ ಹತ್ತು ಕೋರ್‌ಗಳಲ್ಲಿ ದೊಡ್ಡವು ಎರಡೇ. ಉಳಿದ ಎಂಟೂ ಸಣ್ಣವು. i5-12450Hನಲ್ಲಿ ದೊಡ್ಡವು ನಾಲ್ಕು, ಸಣ್ಣವು ನಾಲ್ಕು. ಜೊತೆಗೆ ಮೊದಲನೆಯದರ ಮೂಲ ಮಿತಿ 15 ವ್ಯಾಟ್, ಎರಡನೆಯದರದ್ದು 45 ವ್ಯಾಟ್. ಎರಡೂ ಪ್ರೊಸೆಸರ್‌ಗಳು ಸ್ವಲ್ಪ ಹೊತ್ತು ತಮ್ಮ ಮಿತಿಯನ್ನು ಮೀರಿ ಓಡಬಲ್ಲವು. ಕಡತ ತೆರೆಯುವುದು, ಜಾಲಪುಟ ಬಿಚ್ಚುವುದು, ಕನ್ನಡದಲ್ಲಿ ಬೆರಳಚ್ಚು ಮಾಡುವುದು ಮುಂತಾದ ಕೆಲಸಗಳಲ್ಲಿ ಪ್ರೊಸೆಸರ್‌ಗೆ ಬೇಕಾಗುವುದು ಈ ಸಣ್ಣ ಓಟ ಮಾತ್ರ. ಅಲ್ಲಿ i7-1255U ಹಿಂದೆ ಬೀಳುವುದಿಲ್ಲ, ಕೆಲವೊಮ್ಮೆ ಮುಂದೆಯೂ ಇರುತ್ತದೆ. ಆದರೆ ರಾತ್ರಿಯಿಡೀ ನಡೆದ ಯಕ್ಷಗಾನ ಪ್ರಸಂಗವೊಂದರ ವಿಡಿಯೊವನ್ನು ಜೋಡಿಸಿ, ಕಡತವಾಗಿ ಹೊರತೆಗೆಯುವಂತಹ ಕೆಲಸ ಗಂಟೆಗಟ್ಟಲೆ ನಡೆಯುತ್ತದೆ. ಆಗ ಸಣ್ಣ ಓಟದ ಅವಧಿ ಬೇಗ ಮುಗಿದು, ಪ್ರೊಸೆಸರ್ ತನ್ನ ಮೂಲ ಮಿತಿಯ ಕಡೆಗೆ ಇಳಿಯುತ್ತದೆ. 15 ವ್ಯಾಟ್‌ಗಳನ್ನು ಹತ್ತು ಕೋರ್‌ಗಳು ಹಂಚಿಕೊಳ್ಳಬೇಕಾದಾಗ ಪ್ರತಿಯೊಂದರ ವೇಗವೂ ಕುಗ್ಗುತ್ತದೆ. 45 ವ್ಯಾಟ್ ಇರುವ i5 ಅಲ್ಲಿ ಮುಂದೆ ಸಾಗುತ್ತದೆ.

ಹಾಗೆಂದು H ಎಲ್ಲರಿಗೂ ಒಳ್ಳೆಯದೆಂದಲ್ಲ. ಹೆಚ್ಚಿನ ಶಾಖವನ್ನು ಹೊರಹಾಕಲು ದೊಡ್ಡ ಫ್ಯಾನ್ ಬೇಕು. ಯಂತ್ರದ ತೂಕ ಹೆಚ್ಚುತ್ತದೆ, ಸದ್ದು ಹೆಚ್ಚುತ್ತದೆ, ಚಾರ್ಜರ್ ದೊಡ್ಡದಾಗುತ್ತದೆ, ಬ್ಯಾಟರಿ ಬೇಗ ಬರಿದಾಗುತ್ತದೆ. ದಿನವೂ ಬಸ್ಸಿನಲ್ಲಿ ಲ್ಯಾಪ್‌ಟಾಪ್ ಹೊತ್ತು ಬಂದು ಗ್ರಂಥಾಲಯದಲ್ಲಿ ಟಿಪ್ಪಣಿ ಬರೆಯುವವರಿಗೆ U ಪ್ರತ್ಯಯವೇ ಉಚಿತ. ಪ್ರತ್ಯಯ ಮೇಲು ಕೀಳನ್ನು ಹೇಳುವುದಿಲ್ಲ. ಯಂತ್ರ ಯಾವ ಕೆಲಸಕ್ಕೆಂದು ರೂಪುಗೊಂಡಿದೆ ಎಂಬುದನ್ನು ಹೇಳುತ್ತದೆ.

ಮೂರನೆಯ ಅಂಕಿಯ ಗುಟ್ಟು

ಎಎಮ್‌ಡಿ ಕಂಪನಿಯ ರೈಜನ್ ಪ್ರೊಸೆಸರ್‌ಗಳಲ್ಲಿಯೂ 3, 5, 7 ಎಂಬ ಶ್ರೇಣಿಗಳಿವೆ. U, HS, HX ಮುಂತಾದ ಪ್ರತ್ಯಯಗಳೂ ಇವೆ. ಆದರೆ 2023ರ 7000 ಸರಣಿಯಿಂದ ಆ ಕಂಪನಿ ಅನುಸರಿಸಿದ ನಾಮಕರಣ ಕ್ರಮದಲ್ಲಿ ಮೊದಲ ಅಂಕಿ ತಲೆಮಾರನ್ನು ಹೇಳುವುದಿಲ್ಲ. ಅದು ಹೇಳುವುದು ಮಾರುಕಟ್ಟೆಯ ವರ್ಷವನ್ನು ಮಾತ್ರ. ಒಳಗಿನ ವಿನ್ಯಾಸ ಎಷ್ಟು ಹಳೆಯದು ಎಂಬುದು ಮೂರನೆಯ ಅಂಕಿಯಲ್ಲಿ ಅಡಗಿದೆ. ಎಎಮ್‌ಡಿ ತನ್ನ ವಿನ್ಯಾಸಗಳನ್ನು ಜೆನ್ 2, ಜೆನ್ 3, ಜೆನ್ 4 ಎಂದು ಕರೆಯುತ್ತದೆ. ಮೂರನೆಯ ಅಂಕಿ 2 ಆಗಿದ್ದರೆ ಜೆನ್ 2, 3 ಆಗಿದ್ದರೆ ಜೆನ್ 3 ಅಥವಾ ಅದರ ಪರಿಷ್ಕೃತ ರೂಪ, 4 ಆಗಿದ್ದರೆ ಜೆನ್ 4.

ರೈಜನ್ 5 7520U ಮತ್ತು ರೈಜನ್ 5 7530U ಎಂಬ ಎರಡು ಹೆಸರುಗಳನ್ನು ಈ ಸೂತ್ರದಿಂದ ಓದಿದರೆ ಅಂತರ ಹೊರಬೀಳುತ್ತದೆ. ಶ್ರೇಣಿ ಒಂದೇ, ಮೊದಲ ಎರಡು ಅಂಕಿಗಳು ಒಂದೇ, ಪ್ರತ್ಯಯ ಒಂದೇ; ವ್ಯತ್ಯಾಸ ಒಂದು ಅಂಕಿಯದ್ದು. ಆದರೆ 7520U ಒಳಗಿರುವುದು 2019ರಲ್ಲಿ ಮೊದಲು ಬಂದ ಜೆನ್ 2 ವಿನ್ಯಾಸದ ನಾಲ್ಕು ಕೋರ್‌ಗಳು. 7530U ಒಳಗಿರುವುದು 2020ರಲ್ಲಿ ಮೊದಲು ಬಂದ ಜೆನ್ 3 ವಿನ್ಯಾಸದ ಆರು ಕೋರ್‌ಗಳು. ಹಿಂದಿನ ವರ್ಷದ ರೈಜನ್ 5 5625U ಎಂಬುದೂ ಆರು ಕೋರ್‌ಗಳ ಜೆನ್ 3 ಪ್ರೊಸೆಸರ್. ಆದುದರಿಂದ 5625U ಇರುವ ಯಂತ್ರ, ಹೊಸದೆಂದು ತೋರುವ 7520U ಯಂತ್ರಕ್ಕಿಂತ ಹೆಚ್ಚು ಶಕ್ತಿಯುಳ್ಳದ್ದು. 5625ಕ್ಕೆ ಮೂರನೆಯ ಅಂಕಿಯ ಸೂತ್ರ ಅನ್ವಯಿಸುವುದಿಲ್ಲ ಎಂಬುದನ್ನೂ ನೆನಪಿಡಬೇಕು; ಆ ಸೂತ್ರ ಆರಂಭವಾದದ್ದೇ 7000 ಸರಣಿಯಿಂದ.

7520U ವಿಷಯದಲ್ಲಿ ಕೊಳ್ಳುವವರು ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. ಅದು ಮದರ್‌ಬೋರ್ಡಿಗೆ ಬೆಸೆದ ಬಗೆಯ ಮೆಮೊರಿಯನ್ನು ಮಾತ್ರ ಬಳಸುತ್ತದೆ. 8 ಜಿಬಿ ಮೆಮೊರಿಯೊಂದಿಗೆ ಕೊಂಡ ಯಂತ್ರ ಕೊನೆಯವರೆಗೂ 8 ಜಿಬಿಯದ್ದೇ. ಮುಂದೆ ಹಣ ಕೂಡಿದಾಗ ಹೆಚ್ಚಿಸೋಣ ಎಂಬ ಆಸೆಗೆ ಅಲ್ಲಿ ಅವಕಾಶವಿಲ್ಲ.

ಹೆಸರು ಹೊಸದು, ವಿನ್ಯಾಸ ಹಳೆಯದು ಎಂಬ ರೂಢಿ ಎಎಮ್‌ಡಿಗೆ ಮಾತ್ರ ಸೀಮಿತವಲ್ಲ. ಇಂಟೆಲ್ 2023ರಲ್ಲಿ ತನ್ನ ಹೆಸರುಗಳಿಂದ i ಅಕ್ಷರವನ್ನು ಕೈಬಿಟ್ಟು, ಕೋರ್ ಮತ್ತು ಕೋರ್ ಅಲ್ಟ್ರಾ ಎಂಬ ಎರಡು ಕವಲುಗಳನ್ನು ಮಾಡಿತು. 2024ರ ಆರಂಭದಲ್ಲಿ ಬಂದ ಕೋರ್ 5 120U ಎಂಬುದು ಹೆಸರಿನಲ್ಲಿ ಪೂರ್ತಿ ಹೊಸದು. ಆದರೆ ಅದರಲ್ಲಿಯೂ ದೊಡ್ಡ ಕೋರ್‌ಗಳು ಎರಡು, ಸಣ್ಣವು ಎಂಟು. ಅದು i5-1335Uನ ಬಳಗದ್ದೇ, ವೇಗವನ್ನು ಸ್ವಲ್ಪ ಏರಿಸಿದ್ದು. ಅದೇ ಹೊತ್ತಿನ ಕೋರ್ ಅಲ್ಟ್ರಾ 5 125U ಮಾತ್ರ ಬೇರೆ ವಿನ್ಯಾಸದ್ದು. ಹೀಗೆ 'ಅಲ್ಟ್ರಾ' ಎಂಬ ಒಂದು ಪದವೂ ಇಲ್ಲಿ ತಲೆಮಾರನ್ನು ಬೇರ್ಪಡಿಸುತ್ತದೆ.

ಪೂರ್ತಿ ಹೆಸರನ್ನು ಪಡೆಯುವ ಬಗೆ

ಈ ಓದಿಗೆಲ್ಲ ಮೊದಲು ಬೇಕಾದದ್ದು ಪೂರ್ತಿ ಹೆಸರು. ಲ್ಯಾಪ್‌ಟಾಪ್‌ನ ಅಂಗೈ ಊರುವ ಜಾಗದಲ್ಲಿ ಅಂಟಿಸಿದ ಚೀಟಿ ಸಾಮಾನ್ಯವಾಗಿ ಶ್ರೇಣಿಯನ್ನಷ್ಟೇ ಹೇಳುತ್ತದೆ. "i7, 16 ಜಿಬಿ" ಎಂದು ಮಾತ್ರ ಬರೆದ ಫಲಕ ಅರ್ಧ ವಾಕ್ಯದಂತೆ. ಅದರಿಂದ ಯಾವ ತೀರ್ಮಾನಕ್ಕೂ ಬರಲಾಗದು. ಯಂತ್ರ ಎದುರಿಗಿದ್ದರೆ `Settings` ತೆರೆದು, `System`, ಅದರೊಳಗೆ `About` ಎಂಬಲ್ಲಿ ಹೆಸರನ್ನು ನೋಡಬಹುದು. ಕೋರ್‌ಗಳ ಸಂಖ್ಯೆಯೂ ಬೇಕಿದ್ದರೆ ಪವರ್‌ಶೆಲ್ ತೆರೆದು ಈ ಆಜ್ಞೆಯನ್ನು ಕೊಡಬಹುದು:

```
Get-CimInstance Win32_Processor | Select-Object Name, NumberOfCores
```

ಹಳೆಯ ಯಂತ್ರ ಕೊಳ್ಳುವಾಗ ಈ ಪರೀಕ್ಷೆಯನ್ನು ಹಣ ಕೊಡುವ ಮೊದಲೇ ಮಾಡುವುದು ಒಳ್ಳೆಯದು. ತೆರೆಯ ಮೇಲೆ ಬಂದ ಹೆಸರನ್ನು ಇಂಟೆಲ್ ಅಥವಾ ಎಎಮ್‌ಡಿಯ ಜಾಲತಾಣದಲ್ಲಿ ಹುಡುಕಿದರೆ ಬಿಡುಗಡೆಯ ಕಾಲ, ಕೋರ್‌ಗಳ ವಿವರ, ವಿದ್ಯುತ್ ಮಿತಿ ಎಲ್ಲವೂ ದೊರೆಯುತ್ತವೆ.

ಒಂದು ಆಯ್ಕೆಯ ಉದಾಹರಣೆ

ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳ ಮುಂದೆ ಹೆಚ್ಚುಕಡಿಮೆ ಒಂದೇ ಬೆಲೆಯ ನಾಲ್ಕು ಲ್ಯಾಪ್‌ಟಾಪ್‌ಗಳಿವೆ ಎಂದು ಕಲ್ಪಿಸಿಕೊಳ್ಳೋಣ. ಮೊದಲನೆಯದು i7-6600U ಮತ್ತು 16 ಜಿಬಿ ಮೆಮೊರಿ ಇರುವ ಮರುಮಾರಾಟದ ಯಂತ್ರ. ಎರಡನೆಯದು ರೈಜನ್ 5 7520U, 8 ಜಿಬಿ. ಮೂರನೆಯದು i3-1215U, 8 ಜಿಬಿ, ಇನ್ನೊಂದು ಮೆಮೊರಿ ಪಟ್ಟಿಗೆ ಖಾಲಿ ಜಾಗ ಇರುವಂಥದ್ದು. ನಾಲ್ಕನೆಯದು i5-12450H, 8 ಜಿಬಿ, ತೂಕದ್ದು. ಅವಳ ಕೆಲಸ ಪ್ರಬಂಧ ಬರೆಯುವುದು, ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳನ್ನು ಓದುವುದು, ಏಕಕಾಲಕ್ಕೆ ಹತ್ತಾರು ಜಾಲಪುಟಗಳನ್ನು ತೆರೆದಿಡುವುದು. ಯಂತ್ರ ಐದು ವರ್ಷ ಬಾಳಬೇಕು.

ಶ್ರೇಣಿಯನ್ನು ಮಾತ್ರ ನೋಡಿದರೆ ಮೊದಲನೆಯದು ಎಲ್ಲಕ್ಕಿಂತ ಮೇಲು, ಮೂರನೆಯದು ಎಲ್ಲಕ್ಕಿಂತ ಕೆಳಗೆ. ಬಿಡಿಸಿ ಓದಿದರೆ ಕ್ರಮ ತಲೆಕೆಳಗಾಗುತ್ತದೆ. ಮೊದಲನೆಯದು ಆರನೆಯ ತಲೆಮಾರಿನದು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲದುದರಿಂದ ಅದನ್ನು ಮೊದಲೇ ಬಿಡಬೇಕು. ಎರಡನೆಯದರ ಮೂರನೆಯ ಅಂಕಿ ಹಳೆಯ ವಿನ್ಯಾಸವನ್ನು ಹೇಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದರ 8 ಜಿಬಿ ಐದು ವರ್ಷಗಳ ಉದ್ದಕ್ಕೂ 8 ಜಿಬಿಯಾಗಿಯೇ ಉಳಿಯುತ್ತದೆ. ನಾಲ್ಕನೆಯದು ಇವೆಲ್ಲಕ್ಕಿಂತ ಶಕ್ತಿಶಾಲಿ. ಆದರೆ ಅವಳ ಕೆಲಸದಲ್ಲಿ ಗಂಟೆಗಟ್ಟಲೆ ಸತತವಾಗಿ ದುಡಿಸುವ ಭಾಗವಿಲ್ಲ, ಆದುದರಿಂದ ಆ ಶಕ್ತಿ ಬಳಕೆಯಾಗದೆ ಉಳಿಯುತ್ತದೆ, ತೂಕ ಮಾತ್ರ ದಿನವೂ ಹೆಗಲ ಮೇಲಿರುತ್ತದೆ. ಮೂರನೆಯದು ಇತ್ತೀಚಿನ ವಿನ್ಯಾಸದ್ದು, ಹಗುರವಾದ ಕೆಲಸಕ್ಕೆ ತಕ್ಕ ಪ್ರತ್ಯಯದ್ದು, ಮುಂದೆ ಮೆಮೊರಿ ಹೆಚ್ಚಿಸಿಕೊಳ್ಳಲು ಬರುವಂಥದ್ದು. ಅವಳಿಗೆ ಸಲ್ಲುವುದು ಈ i3. ಅವಳ ಸಹಪಾಠಿಯೊಬ್ಬ ಯಕ್ಷಗಾನದ ವಿಡಿಯೊ ದಾಖಲಾತಿಯನ್ನೇ ಪ್ರಬಂಧದ ವಸುವಾಗಿ ಆರಿಸಿಕೊಂಡಿದ್ದರೆ, ಇದೇ ನಾಲ್ಕು ಯಂತ್ರಗಳಲ್ಲಿ ಅವನಿಗೆ ಸಲ್ಲುವುದು i5-12450H.

ಹೆಸರು ಹೇಳದ ಭಾಗ

ಹೆಸರನ್ನು ಎಷ್ಟೇ ಚೆನ್ನಾಗಿ ಬಿಡಿಸಿದರೂ ಅದು ಪ್ರೊಸೆಸರ್‌ನ ವಿಷಯವನ್ನಷ್ಟೇ ಹೇಳುತ್ತದೆ, ಲ್ಯಾಪ್‌ಟಾಪ್‌ನ ವಿಷಯವನ್ನಲ್ಲ. ಒಂದೇ i5-12450H ಇರುವ ಎರಡು ಯಂತ್ರಗಳಲ್ಲಿ ಒಂದರ ಫ್ಯಾನ್ ಮತ್ತು ಶಾಖ ಸಾಗಿಸುವ ಕೊಳವೆಗಳು ಚಿಕ್ಕವಾಗಿದ್ದರೆ, ಆ ತಯಾರಕರು ವಿದ್ಯುತ್ ಮಿತಿಯನ್ನು 45 ವ್ಯಾಟ್‌ಗಿಂತ ಕೆಳಗೆ ಇಟ್ಟಿರಬಹುದು. ಆಗ ಹೆಸರಿನಲ್ಲಿ H ಇದ್ದರೂ ನಡೆಯುವ ರೀತಿ U ಯಂತ್ರದ ಹತ್ತಿರಕ್ಕೆ ಬರುತ್ತದೆ. ಇದನ್ನು ಗುರುತಿಸಲು ಭಾರವಾದ ಕೆಲಸವೊಂದನ್ನು ಹತ್ತು ನಿಮಿಷ ನಡೆಸಿ, `Task Manager` ಒಳಗಿನ `Performance` ಪುಟದಲ್ಲಿ ತೋರುವ ವೇಗವನ್ನು ಗಮನಿಸಬಹುದು. ಆರಂಭದ ವೇಗ ಸ್ವಲ್ಪ ಇಳಿಯುವುದು ಸಹಜ. ಅದು ಅರ್ಧಕ್ಕಿಂತಲೂ ಕೆಳಗಿಳಿದು ಅಲ್ಲಿಯೇ ನಿಂತರೆ, ಪ್ರೊಸೆಸರ್‌ನ ಶಕ್ತಿಯನ್ನು ಯಂತ್ರದ ಒಡಲು ತಾಳಿಕೊಳ್ಳುತ್ತಿಲ್ಲ ಎಂದೇ ಅರ್ಥ.

ಆದುದರಿಂದ ಓದುವ ಕ್ರಮ ಇಷ್ಟು: ಮೊದಲು ಪ್ರತ್ಯಯವನ್ನು ನೋಡಿ, ಅದು ಮಾಡಬೇಕಾದ ಕೆಲಸಕ್ಕೆ ಹೊಂದುತ್ತದೆಯೇ ಎಂದು ತಿಳಿಯುವುದು, ಬಳಿಕ ತಲೆಮಾರನ್ನು, ರೈಜನ್ ಆಗಿದ್ದರೆ ಮೂರನೆಯ ಅಂಕಿಯನ್ನು ನೋಡುವುದು, ಇವೆರಡೂ ಸಮನಾದ ಯಂತ್ರಗಳು ಉಳಿದಾಗ ಮಾತ್ರ ಮೂರು, ಐದು, ಏಳನ್ನು ಹೋಲಿಸುವುದು. ಅಲ್ಲಿಯವರೆಗೆ ಆ ಅಂಕಿಗೆ ಬೆಲೆ ಕೊಡಬೇಕಾಗಿಲ್ಲ.